ಟೆಸ್ಟ್ ಸೀರೀಸ್ ಅರ್ಧಕ್ಕೆ ಬಿಟ್ಟಾಗ ಉಳಿದ ಹಣ ಕೇಳುವ ಬಗೆ

ಸ್ಪರ್ಧಾತ್ಮಕ ಪರೀಕ್ಷೆಯ ಟೆಸ್ಟ್ ಸೀರೀಸ್‌ಗೆ ಹಣವನ್ನು ಮೊದಲೇ ಒಟ್ಟಿಗೆ ಕಟ್ಟಿಸಿಕೊಳ್ಳುತ್ತಾರೆ, ಪ್ರಶ್ನೆಪತ್ರಿಕೆಗಳು ಮಾತ್ರ ತಿಂಗಳುಗಟ್ಟಲೆ ಒಂದೊಂದಾಗಿ ಬರುತ್ತವೆ. ಈ ನಡುವೆ ಅಭ್ಯರ್ಥಿಗೆ ಬೇರೆ ಹುದ್ದೆ ಸಿಗಬಹುದು, ಇಲ್ಲವೇ ಆ ಪರೀಕ್ಷೆ ಬರೆಯುವುದೇ ಬೇಡವೆಂದು ಆತ ತೀರ್ಮಾನಿಸಬಹುದು. ಆಗ ಇನ್ನೂ ಬಾರದ ಪತ್ರಿಕೆಗಳ ಹಣ ವಾಪಸ್ ಕೇಳಬಹುದೇ, ಕೇಳಿದರೆ ಎಷ್ಟು ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ.

ಒಂದು ವಿಷಯ ಮೊದಲೇ ಸ್ಪಷ್ಟವಿರಬೇಕು. ಆಯ್ಕೆಯಾದದ್ದು ಅಥವಾ ಮನಸ್ಸು ಬದಲಾದದ್ದು ಸಂಸ್ಥೆಯ ತಪ್ಪಲ್ಲ. ಹಾಗಾಗಿ ಪೂರ್ತಿ ಹಣ ಕೇಳುವುದಕ್ಕೆ ಆಧಾರವಿಲ್ಲ. ಕೇಳಿಕೆ ನಿಲ್ಲುವುದು ಇನ್ನೂ ಕೊಡದ ಸೇವೆಯ ಮೇಲೆ ಮಾತ್ರ. ಈ ಗಡಿಯೊಳಗೆ ನಿಂತು ಬರೆದ ಪತ್ರಕ್ಕೆ ಸಿಗುವ ಬೆಲೆ, ಮನೆಯ ಕಷ್ಟಗಳನ್ನೆಲ್ಲ ವಿವರಿಸಿ ಬರೆದ ಪತ್ರಕ್ಕೆ ಸಿಗುವುದಿಲ್ಲ.

ಕೊಡದ ಸೇವೆ ಯಾವುದು ಎನ್ನುವಲ್ಲಿಯೇ ಜಗಳ ಹುಟ್ಟುತ್ತದೆ. ಪ್ರಿಲಿಮ್ಸ್ ಸೀರೀಸ್‌ನಲ್ಲಿ ಪತ್ರಿಕೆ ಬಿಡುಗಡೆಯಾದ ದಿನವೇ ಸೇವೆ ಮುಗಿಯಿತು ಎನ್ನುತ್ತದೆ ಸಂಸ್ಥೆ. ಅಭ್ಯರ್ಥಿ ಬರೆದನೋ ಇಲ್ಲವೋ ಎಂಬುದು ಅದಕ್ಕೆ ಮುಖ್ಯವಲ್ಲ. ಪ್ರಶ್ನೆ ಸಿದ್ಧಪಡಿಸಿದ ಖರ್ಚು ಆಗಿಹೋಗಿರುತ್ತದೆ, ಆದ್ದರಿಂದ ಆ ವಾದದಲ್ಲಿ ಹುರುಳಿದೆ. ಮೇನ್ಸ್ ಸೀರೀಸ್‌ನ ಮಾತು ಬೇರೆ. ಅಲ್ಲಿ ಹಣದ ದೊಡ್ಡ ಭಾಗ ಉತ್ತರಪತ್ರಿಕೆ ತಿದ್ದುವ ಮೌಲ್ಯಮಾಪಕರಿಗೆ ಹೋಗುತ್ತದೆ. ಅಭ್ಯರ್ಥಿ ಉತ್ತರ ಕಳಿಸದಿದ್ದರೆ ಸಂಸ್ಥೆಗೆ ಆ ಖರ್ಚೇ ಬೀಳುವುದಿಲ್ಲ. ಬಿಡುಗಡೆಯಾಗಿದ್ದರೂ ಬರೆಯದ ಪತ್ರಿಕೆಗೆ ಒಂದಿಷ್ಟು ಹಣ ಕೇಳುವುದು ಮೇನ್ಸ್‌ನಲ್ಲಿ ನ್ಯಾಯವಾಗುವುದು ಈ ಕಾರಣಕ್ಕೆ.

ಒಂದು ಉದಾಹರಣೆ ನೋಡಬಹುದು. ಧಾರವಾಡದ ಅಭ್ಯರ್ಥಿಯೊಬ್ಬಳು ಕೆಎಎಸ್ ಮೇನ್ಸ್‌ನ 20 ಟೆಸ್ಟ್‌ಗಳ ಸೀರೀಸ್‌ಗೆ 11,800 ರೂಪಾಯಿ ಕಟ್ಟಿದ್ದಾಳೆ ಎಂದುಕೊಳ್ಳೋಣ. ಅದರಲ್ಲಿ ಶುಲ್ಕ 10,000, ಶೇ 18ರ ಜಿಎಸ್‌ಟಿ 1,800. ಎಂಟು ಪತ್ರಿಕೆ ಬಂದಿವೆ, ಆಕೆ ಆರು ಬರೆದಿದ್ದಾಳೆ. ಅಷ್ಟರಲ್ಲಿ ಪಿಡಿಒ ಹುದ್ದೆಗೆ ಆಯ್ಕೆಯಾಗಿ ಕೆಎಎಸ್ ಕೈಬಿಡುತ್ತಾಳೆ. ಟೆಸ್ಟ್ ಒಂದಕ್ಕೆ 500 ರೂಪಾಯಿಯಂತೆ ಬಾರದ 12 ಪತ್ರಿಕೆಗಳಿಗೆ 6,000 ಆಗುತ್ತದೆ. ಬಂದರೂ ಬರೆಯದ ಎರಡಕ್ಕೆ ಅರ್ಧದಷ್ಟು, ಅಂದರೆ 500 ಸೇರಿಸಿದರೆ 6,500. ಅದರ ಮೇಲಿನ ಜಿಎಸ್‌ಟಿ 1,170. ಒಟ್ಟು ಕೇಳಿಕೆ 7,670 ರೂಪಾಯಿ.

ಸಂಸ್ಥೆಯ ಲೆಕ್ಕ ಬೇರೆ ಇರಬಹುದು. ‘ಸೀರೀಸ್‌ನ ಮೂಲ ಬೆಲೆ 20,000, ನಿಮಗೆ ಅರ್ಧ ಬೆಲೆಗೆ ಕೊಟ್ಟೆವು. ಮೂಲ ಬೆಲೆಯಲ್ಲಿ ಎಂಟು ಟೆಸ್ಟ್‌ಗೆ 8,000 ಆಯಿತು, ಉಳಿದದ್ದು 2,000’ ಎಂದು ಅದು ಹೇಳಬಹುದು. ಅರ್ಧಕ್ಕೆ ಬಿಟ್ಟರೆ ರಿಯಾಯಿತಿ ರದ್ದಾಗುತ್ತದೆ ಎಂಬ ಷರತ್ತು ಹಣ ಕಟ್ಟುವಾಗ ಕಣ್ಣಿಗೆ ಕಾಣುವಂತೆ ಇತ್ತೇ ಎಂಬುದನ್ನು ಇಲ್ಲಿ ಕೇಳಬೇಕು. ಇರಲಿಲ್ಲವೆಂದರೆ ಲೆಕ್ಕ ನಡೆಯಬೇಕಾದದ್ದು ನಿಜವಾಗಿ ಕಟ್ಟಿದ ಬೆಲೆಯ ಮೇಲೆ. ಷರತ್ತುಗಳ ಪುಟ ಆಗಾಗ ಬದಲಾಗುವುದರಿಂದ ಹಣ ಕಟ್ಟಿದ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡವರಿಗೆ ಈ ಹಂತ ಸುಲಭ.

‘ಜಿಎಸ್‌ಟಿ ಸರ್ಕಾರಕ್ಕೆ ಹೋಯಿತು, ಅದನ್ನು ಕೊಡಲು ಬರುವುದಿಲ್ಲ’ ಎಂಬ ಉತ್ತರವೂ ಬರುವುದುಂಟು. ಸೇವೆ ರದ್ದಾದಾಗ ಸಂಸ್ಥೆ ಕ್ರೆಡಿಟ್ ನೋಟ್ ಕೊಟ್ಟು ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಸರಿಹೊಂದಿಸಿಕೊಳ್ಳಬಹುದು. ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅದಕ್ಕೆ ಅವಕಾಶವಿದೆ. ತಡಮಾಡಿದವರಿಗೆ ಮಾತ್ರ ಈ ಉತ್ತರ ನಿಜವಾಗುತ್ತದೆ.

ತಡವಾದರೆ ಮೂಲ ಹಣಕ್ಕೂ ನಷ್ಟವೇ. ವಾರಕ್ಕೊಂದು ಪತ್ರಿಕೆ ಬರುವ ಸೀರೀಸ್‌ನಲ್ಲಿ ಒಂದು ತಿಂಗಳು ಸುಮ್ಮನಿದ್ದರೆ ನಾಲ್ಕು ಪತ್ರಿಕೆಗಳ ಹಣ ಹೋಯಿತೆಂದೇ ಲೆಕ್ಕ. ಆದ್ದರಿಂದ ತೀರ್ಮಾನ ಮಾಡಿದ ದಿನವೇ ಇಮೇಲ್ ಹೋಗಬೇಕು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಇಮೇಲ್‌ನಲ್ಲಿ ಆರ್ಡರ್ ಸಂಖ್ಯೆ, ಕಟ್ಟಿದ ಮೊತ್ತ, ದಿನಾಂಕ ಬರೆದು, ‘ಇಂದಿಗೆ 20ರಲ್ಲಿ 8 ಪತ್ರಿಕೆ ಬಂದಿವೆ, 6 ಬರೆದಿದ್ದೇನೆ. ಇಂದಿನಿಂದ ನನ್ನ ಪ್ರವೇಶ ನಿಲ್ಲಿಸಿ ಉಳಿದ ಹಣ ಮರಳಿಸಿ’ ಎಂದು ಸೇರಿಸಿದರೆ ಸಾಕು. ಲೆಕ್ಕವನ್ನು ಅದರ ಕೆಳಗೇ ಕೊಡಬೇಕು. ಇದಾದ ಮೇಲೆ ಆ್ಯಪ್‌ನಲ್ಲಿ ಒಂದೇ ಒಂದು ಪತ್ರಿಕೆಯನ್ನೂ ತೆರೆಯಬಾರದು. ಯಾವಾಗ ಏನು ತೆರೆದರು ಎಂಬುದು ಸಂಸ್ಥೆಯ ದಾಖಲೆಯಲ್ಲಿ ಉಳಿಯುತ್ತದೆ, ನಂತರ ಅದೇ ಅವರ ಉತ್ತರವಾಗುತ್ತದೆ.

ಆಯ್ಕೆಯಾದವರಿಗೆ ಇನ್ನೊಂದು ಎಚ್ಚರಿಕೆ ಬೇಕು. ‘ಫೋಟೊ ಕೊಡಿ, ಒಂದು ಸಂದರ್ಶನ ಕೊಡಿ, ರಿಫಂಡ್ ನೋಡೋಣ’ ಎಂಬ ಮಾತು ಬರಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ಆಯ್ಕೆಯಾದವರ ಹೆಸರು, ಫೋಟೊ ಬಳಸಲು ಅವರ ಲಿಖಿತ ಒಪ್ಪಿಗೆ ಬೇಕು, ಅದನ್ನೂ ಆಯ್ಕೆಯಾದ ಮೇಲೆಯೇ ಪಡೆಯಬೇಕು. ಅವರು ತೆಗೆದುಕೊಂಡದ್ದು ಯಾವ ಕೋರ್ಸ್ ಎಂಬುದನ್ನೂ ಜಾಹೀರಾತು ಹೇಳಬೇಕು. ಆರು ಟೆಸ್ಟ್ ಬರೆದವಳನ್ನು ಪೂರ್ಣ ತರಬೇತಿ ಪಡೆದವಳಂತೆ ತೋರಿಸುವ ಹಾಗಿಲ್ಲ. ಫೋಟೊದ ಮಾತನ್ನು ರಿಫಂಡಿನ ಮಾತಿಗೆ ಬೆರೆಸದೆ ಬೇರೆಯಾಗಿಯೇ ಇಡುವುದು ಒಳ್ಳೆಯದು.

ಪರೀಕ್ಷೆ ಮುಂದಕ್ಕೆ ಹೋದಾಗ ಬಿಡುವವರೂ ಇದ್ದಾರೆ. 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಇಂಥ ಸಂದರ್ಭದಲ್ಲಿ ಸೀರೀಸ್‌ನ ಅವಧಿ ‘ಪರೀಕ್ಷೆಯವರೆಗೆ’ ಎಂದಿದೆಯೋ, ಒಂದು ದಿನಾಂಕದವರೆಗೆ ಎಂದಿದೆಯೋ ನೋಡಬೇಕು. ಮೊದಲನೆಯದಾದರೆ ಹೆಚ್ಚುವರಿ ಹಣವಿಲ್ಲದೆ ಮುಂದುವರಿಸುವಂತೆ ಕೇಳಬಹುದು.

ಸಂಸ್ಥೆ ಒಪ್ಪದಿದ್ದಾಗ ನೆನಪಿಸಬಹುದಾದ ನಿಯಮಗಳಿವೆ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿಯಂತೆ ಕೋಚಿಂಗ್ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಮರಳಿಸಬೇಕು. ಅದು ರಾಜ್ಯಗಳು ಜಾರಿಗೆ ತರಬೇಕಾದ ಮಾರ್ಗಸೂಚಿ, ತರಗತಿ ನಡೆಸುವ ಕೇಂದ್ರಗಳನ್ನು ಉದ್ದೇಶಿಸಿದ್ದು. ಆನ್‌ಲೈನ್ ಸೀರೀಸ್‌ಗೆ ಅದನ್ನು ಆಜ್ಞೆಯಂತೆ ತೋರಿಸಲು ಬರುವುದಿಲ್ಲ, ನ್ಯಾಯದ ಅಳತೆಯಾಗಿ ತೋರಿಸಬಹುದು. ಆನ್‌ಲೈನ್ ಮಾರಾಟಕ್ಕೆ ನೇರವಾಗಿ ಹೊಂದುವುದು 2020ರ ಇ-ಕಾಮರ್ಸ್ ನಿಯಮಗಳು. ಅವುಗಳ ಪ್ರಕಾರ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಖಚಿತಪಡಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು.

ಆಗಲೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದು ತೀರ್ಪು ಕೊಡುವುದಿಲ್ಲ, ದೂರನ್ನು ಸಂಸ್ಥೆಗೆ ಕಳಿಸಿ ರಾಜಿಗೆ ಪ್ರಯತ್ನಿಸುತ್ತದೆ. ಸಣ್ಣ ಮೊತ್ತಕ್ಕೆ ಇದೇ ಹೆಚ್ಚು ಉಪಯೋಗದ ದಾರಿ. ಕೊನೆಗೆ ಉಳಿಯುವುದು ಜಿಲ್ಲಾ ಗ್ರಾಹಕ ಆಯೋಗ. ಕೋಚಿಂಗ್ ಸಂಸ್ಥೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತವೆ ಎಂದು ರಾಷ್ಟ್ರೀಯ ಆಯೋಗ 2020ರಲ್ಲಿ ಹೇಳಿದೆ. ಸಂಸ್ಥೆ ದೆಹಲಿಯಲ್ಲಿದ್ದರೂ ಅಭ್ಯರ್ಥಿ ತಾನಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೂಡಬೇಕು. ಆದರೆ ಏಳು ಸಾವಿರಕ್ಕಾಗಿ ತಿಂಗಳುಗಟ್ಟಲೆ ಓಡಾಡುವ ಪ್ರಶ್ನೆಯೂ ಇದೆ. ಧಾರವಾಡದ ಅಭ್ಯರ್ಥಿಗೆ ಸಂಸ್ಥೆ ಬರೆಯದ ಎರಡು ಪತ್ರಿಕೆಗಳ ಮಾತು ಬಿಟ್ಟು ಬಾರದ 12ರ ಹಣವನ್ನು ತೆರಿಗೆ ಸಮೇತ ಕೊಡಲು ಒಪ್ಪಿದರೆ, ಆ 7,080 ರೂಪಾಯಿ ಪಡೆದು ವ್ಯವಹಾರ ಮುಗಿಸುವುದೇ ಲೇಸು. ಹಣ ಖಾತೆಗೆ ಬಂದ ಮೇಲಷ್ಟೇ ‘ಬಾಕಿ ಏನೂ ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಬೇಕು.