ಲೋಹದ ಪೆಟ್ಟಿಗೆಯೊಳಗೆ ನಿಂತ ಅಲೆ

ಆರೂ ಕಡೆ ಲೋಹದ ಗೋಡೆಯಿರುವ ಆಯತಾಕಾರದ ಪೆಟ್ಟಿಗೆಯೊಳಗೆ ವಿದ್ಯುತ್ಕಾಂತೀಯ ಅಲೆಯೊಂದನ್ನು ಬಿಟ್ಟರೆ ಅದಕ್ಕೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಒಂದು ಗೋಡೆಗೆ ಬಡಿದು ಮರಳುತ್ತದೆ, ಎದುರು ಗೋಡೆಗೆ ಬಡಿದು ಮತ್ತೆ ಮರಳುತ್ತದೆ. ಹೀಗೆ ಹೋಗುವ ಮತ್ತು ಬರುವ ಅಲೆಗಳು ಬಹುಪಾಲು ಆವೃತ್ತಿಗಳಲ್ಲಿ ತಾಳ ತಪ್ಪಿ ಒಂದನ್ನೊಂದು ಅಳಿಸಿಹಾಕುತ್ತವೆ. ಕೆಲವೇ ಆವೃತ್ತಿಗಳಲ್ಲಿ ಮಾತ್ರ ಅವು ಕೂಡಿಕೊಂಡು, ಜಾಗ ಬದಲಿಸದೆ ಇದ್ದಲ್ಲೇ ಏರಿಳಿಯುವ ಸ್ಥಾಯಿ ತರಂಗವಾಗಿ ಬಲಗೊಳ್ಳುತ್ತವೆ. ಇವೇ ಆ ಪೆಟ್ಟಿಗೆಯ ಅನುರಣನ ಆವೃತ್ತಿಗಳು. ರೇಡಾರ್ ಉಪಕರಣ, ಕಣ ವೇಗವರ್ಧಕಗಳಲ್ಲಿ ಇಂಥ ಲೋಹದ ಕುಹರಗಳು ಬಳಕೆಯಲ್ಲಿವೆ. ಆದರೆ ಹೆಚ್ಚು ಜನ ಕಂಡಿರುವ ಕುಹರವೆಂದರೆ ಅಡುಗೆಮನೆಯ ಮೈಕ್ರೋವೇವ್ ಓವನ್. ಅದರ ಬಾಗಿಲಿನ ಗಾಜಿನ ಹಿಂದಿರುವ ಲೋಹದ ಜಾಲರಿಯ ತೂತುಗಳು ಅಲೆಯ ಉದ್ದಕ್ಕೆ ಹೋಲಿಸಿದರೆ ಎಷ್ಟು ಸಣ್ಣವೆಂದರೆ, ಅಲೆಯ ಪಾಲಿಗೆ ಅದೂ ಗೋಡೆಯೇ.

ಎಲ್ಲವೂ ನಿಂತಿರುವುದು ಒಂದು ನಿಯಮದ ಮೇಲೆ. ಒಳ್ಳೆಯ ವಾಹಕದ ಮೇಲ್ಮೈಯಲ್ಲಿ ವಿದ್ಯುತ್ ಕ್ಷೇತ್ರ ಮೇಲ್ಮೈಗುಂಟ ಇರಲಾರದು. ಇದ್ದರೆ ಲೋಹದಲ್ಲಿರುವ ಎಲೆಕ್ಟ್ರಾನುಗಳು ಕೂಡಲೇ ಸರಿದು ಅದನ್ನು ರದ್ದುಮಾಡುತ್ತವೆ. ಗೋಡೆಗೆ ಲಂಬವಾಗಿ ನಿಂತ ಕ್ಷೇತ್ರಕ್ಕೆ ಈ ಅಡ್ಡಿಯಿಲ್ಲ, ಅದು ಗೋಡೆಯ ಮೇಲಿನ ವಿದ್ಯುದಂಶಗಳಲ್ಲಿ ಕೊನೆಗೊಳ್ಳುತ್ತದೆ. ಉದಾಹರಣೆಗೆ, ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ ತೂಗುವ ವಿದ್ಯುತ್ ಕ್ಷೇತ್ರವಿದ್ದರೆ ಅದು ನೆಲವನ್ನೂ ಸೂರನ್ನೂ ಧಾರಾಳವಾಗಿ ಮುಟ್ಟಬಹುದು. ಆದರೆ ಎಡ, ಬಲ, ಹಿಂದಿನ, ಮುಂದಿನ ಗೋಡೆಗಳ ಬಳಿ ಅದು ಸೊನ್ನೆಯಾಗಲೇಬೇಕು.

ಎರಡೂ ತುದಿಯಲ್ಲಿ ಬಿಗಿದ ವೀಣೆಯ ತಂತಿಗೂ ಇಂಥದೇ ಕಟ್ಟಳೆಯಿದೆ. ತುದಿಗಳು ಅಲುಗುವಂತಿಲ್ಲವಾದ್ದರಿಂದ ತಂತಿಯ ಉದ್ದದಲ್ಲಿ ಒಂದು, ಎರಡು, ಮೂರು ಹೀಗೆ ಪೂರ್ಣಸಂಖ್ಯೆಯ ಅರ್ಧ ಅಲೆಗಳು ಮಾತ್ರ ಹಿಡಿಸುತ್ತವೆ. ಪೆಟ್ಟಿಗೆಯಲ್ಲಿ ಈ ಲೆಕ್ಕ ಮೂರು ದಿಕ್ಕಿನಲ್ಲಿ ನಡೆಯುತ್ತದೆ. ಅಗಲ a, ಆಳ b, ಎತ್ತರ d ಆಗಿರಲಿ. ಅಗಲದಲ್ಲಿ m, ಆಳದಲ್ಲಿ n, ಎತ್ತರದಲ್ಲಿ p ಅರ್ಧ ಅಲೆಗಳು ಕೂತರೆ, c ಬೆಳಕಿನ ವೇಗವಾದಾಗ, ಆ ವಿನ್ಯಾಸದ ಆವೃತ್ತಿ ಹೀಗಿರುತ್ತದೆ:

```
f = (c/2) × √[ (m/a)² + (n/b)² + (p/d)² ]
```

ಇದು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ, ಮೂರು ಆಯಾಮಕ್ಕೆ ಹಿಗ್ಗಿದೆ ಅಷ್ಟೆ. m, n, p ಎಂಬ ಮೂರು ಅಂಕೆಗಳ ಒಂದೊಂದು ಕಟ್ಟಿಗೂ ಮೋಡ್ ಎಂದು ಹೆಸರು. ಮೂರರಲ್ಲಿ ಒಂದು ಸೊನ್ನೆಯಾಗಬಹುದು, ಎರಡು ಒಟ್ಟಿಗೆ ಆಗುವಂತಿಲ್ಲ. ಮೇಲೆ ಕೆಳಗೆ ತೂಗುವ ಕ್ಷೇತ್ರ ಎತ್ತರದುದ್ದಕ್ಕೂ ಒಂದೇ ಸಮ ಇರಬಲ್ಲದು, ಅಂದರೆ p ಸೊನ್ನೆಯಾಗಬಲ್ಲದು. ಆದರೆ ಅಗಲದುದ್ದಕ್ಕೂ ಒಂದೇ ಸಮ ಇದ್ದುಬಿಟ್ಟರೆ ಎಡಬಲದ ಗೋಡೆಗಳ ಬಳಿ ಅದು ಸೊನ್ನೆಯಾಗುವುದು ಹೇಗೆ?

ಈಗ ಒಂದು ಪೆಟ್ಟಿಗೆಯನ್ನು ಅಳೆದು ನೋಡಬಹುದು. ಒಳಗಿನ ಅಗಲ 33 ಸೆಂಟಿಮೀಟರ್, ಆಳವೂ 33, ಎತ್ತರ 21 ಎಂದುಕೊಳ್ಳೋಣ. ಮನೆಬಳಕೆಯ ಓವನ್ ಹೆಚ್ಚುಕಡಿಮೆ ಇಷ್ಟಿರುತ್ತದೆ. ಇದರ ಅತಿ ಕೆಳಗಿನ ಮೋಡ್ (1,1,0). ಅದರ ಆವೃತ್ತಿ ಸುಮಾರು 642 ಮೆಗಾಹರ್ಟ್ಸ್. ಅದಕ್ಕಿಂತ ನಿಧಾನವಾದ ಯಾವ ಅಲೆಯೂ ಈ ಪೆಟ್ಟಿಗೆಯಲ್ಲಿ ಅನುರಣಿಸದು. ಓವನಿನ ಮ್ಯಾಗ್ನೆಟ್ರಾನ್ ಕೆಲಸ ಮಾಡುವುದು ಇದಕ್ಕಿಂತ ಬಹಳ ಮೇಲೆ, 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಸೆಕೆಂಡಿಗೆ 245 ಕೋಟಿ ಆಂದೋಲನ. ಬಯಲಿನಲ್ಲಿ ಈ ಅಲೆಯ ಉದ್ದ 12.2 ಸೆಂಟಿಮೀಟರ್. ನೀರಿನ ಅಣು ಸರಿಯಾಗಿ ಈ ಆವೃತ್ತಿಯಲ್ಲೇ ಅನುರಣಿಸುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ, ಅದು ತಪ್ಪು. ನೀರು ಈ ಶಕ್ತಿಯನ್ನು ಹೀರುತ್ತದೆ ನಿಜ, ಆದರೆ ಅದರಲ್ಲಿ ಅನುರಣನವೇನೂ ಇಲ್ಲ. ಓವನಿನಲ್ಲಿ ಅನುರಣಿಸುವುದು ಪೆಟ್ಟಿಗೆ.

2.45 ಗಿಗಾಹರ್ಟ್ಸ್‌ಗೆ ಒಗ್ಗುವ ಅಂಕೆಗಳನ್ನು ಹುಡುಕುತ್ತ ಹೋದರೆ (5,2,0) ಎಂಬ ಮೋಡ್ ಸಿಗುತ್ತದೆ. 5ರ ವರ್ಗ 25, 2ರ ವರ್ಗ 4, ಒಟ್ಟು 29. ಅದರ ವರ್ಗಮೂಲ 5.385. ಅದನ್ನು 33 ಸೆಂಟಿಮೀಟರಿನಿಂದ ಭಾಗಿಸಿ ಬೆಳಕಿನ ಅರ್ಧವೇಗದಿಂದ ಗುಣಿಸಿದರೆ 2.446 ಗಿಗಾಹರ್ಟ್ಸ್. ಮ್ಯಾಗ್ನೆಟ್ರಾನಿನ ಆವೃತ್ತಿಗೆ ಇದು ಬಹಳ ಹತ್ತಿರ.

ಈ ಮೋಡ್‌ನಲ್ಲಿ ವಿದ್ಯುತ್ ಕ್ಷೇತ್ರ ನೆಟ್ಟಗೆ ಮೇಲೆ ಕೆಳಗೆ ತೂಗುತ್ತದೆ, ನೆಲದಿಂದ ಸೂರಿನವರೆಗೆ ಒಂದೇ ಬಲ. ಮೇಲಿನಿಂದ ನೋಡಿದರೆ ಪೆಟ್ಟಿಗೆಯ ನೆಲ ಹತ್ತು ಮನೆಗಳಾಗಿ ಹಂಚಿಹೋಗಿರುತ್ತದೆ, ಅಗಲದಲ್ಲಿ ಐದು, ಆಳದಲ್ಲಿ ಎರಡು. ಪ್ರತಿ ಮನೆಯ ಅಗಲ 6.6 ಸೆಂಟಿಮೀಟರ್, ಉದ್ದ 16.5. ಮನೆಯ ನಡುಮಧ್ಯದಲ್ಲಿ ಕ್ಷೇತ್ರ ಅತಿ ಪ್ರಬಲ, ಅದು ಪ್ರಸ್ಪಂದ. ಮನೆಗಳ ನಡುವಿನ ಗೆರೆಗಳಲ್ಲಿ ಕ್ಷೇತ್ರ ಯಾವ ಕ್ಷಣದಲ್ಲೂ ಸೊನ್ನೆ, ಅವು ನಿಸ್ಪಂದಗಳು. ಒಂದು ಮನೆಯಲ್ಲಿ ಕ್ಷೇತ್ರ ಮೇಲ್ಮುಖವಾಗಿದ್ದಾಗ ಪಕ್ಕದ ಮನೆಯಲ್ಲಿ ಕೆಳಮುಖವಾಗಿರುತ್ತದೆ. ಒಂದೊಂದು ಆಂದೋಲನದಲ್ಲಿ ಎರಡು ಸಲ ಎಲ್ಲ ಹತ್ತು ಮನೆಗಳಲ್ಲೂ ಕ್ಷೇತ್ರ ಒಮ್ಮೆಗೇ ಇಲ್ಲವಾಗುತ್ತದೆ. ಆ ಗಳಿಗೆಯಲ್ಲಿ ಶಕ್ತಿಯೆಲ್ಲ ಕಾಂತಕ್ಷೇತ್ರದಲ್ಲಿರುತ್ತದೆ, ಮತ್ತೆ ವಿದ್ಯುತ್ ಕ್ಷೇತ್ರಕ್ಕೆ ಹಿಂದಿರುಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಓವನಿನ ತಿರುಗುತಟ್ಟೆಯನ್ನು ತೆಗೆದು, ಚಾಕೊಲೇಟ್ ಇಟ್ಟು, ಅದು ಕರಗಿದ ಎರಡು ಜಾಗಗಳ ನಡುವಿನ ದೂರವನ್ನು ಅಳೆದು, ಅದನ್ನು ಅರ್ಧ ತರಂಗಾಂತರವೆಂದು ಭಾವಿಸಿ ಬೆಳಕಿನ ವೇಗವನ್ನು ಕಂಡುಹಿಡಿಯುವ ಪ್ರಯೋಗವನ್ನು ಮಕ್ಕಳಿಗೆ ತೋರಿಸುವುದುಂಟು. ಬಯಲಿನ ಅರ್ಧ ತರಂಗಾಂತರ 6.1 ಸೆಂಟಿಮೀಟರ್. ಮೇಲಿನ ಮೋಡ್‌ನಲ್ಲಿ ಅಗಲದ ದಿಕ್ಕಿನ ದೂರ 6.6. ಅದರಿಂದ ಲೆಕ್ಕ ಹಾಕಿದರೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 32.3 ಕೋಟಿ ಮೀಟರ್ ಎಂದು ಬರುತ್ತದೆ, ನಿಜವಾದ 30 ಕೋಟಿಗಿಂತ ಶೇಕಡಾ 8ರಷ್ಟು ಹೆಚ್ಚು. ಅಳೆಯುವವರು ಆಳದ ದಿಕ್ಕಿನ 16.5 ಸೆಂಟಿಮೀಟರನ್ನು ಹಿಡಿದರಂತೂ 81 ಕೋಟಿ ಮೀಟರ್! ತಪ್ಪು ಅಳತೆಪಟ್ಟಿಯದಲ್ಲ. ಪೆಟ್ಟಿಗೆಯೊಳಗಿನ ಅಲೆ ಗೋಡೆಗಳ ನಡುವೆ ಓರೆಯಾಗಿ ಪುಟಿಯುತ್ತಿರುತ್ತದೆ. ಓರೆಯಾಗಿ ಸಾಗುವ ಅಲೆಯ ಏರುಗಳನ್ನು ಒಂದು ಗೋಡೆಯುದ್ದಕ್ಕೆ ಅಳೆದಾಗ ಅವುಗಳ ಅಂತರ ನಿಜವಾದ ಉದ್ದಕ್ಕಿಂತ ಹೆಚ್ಚಾಗಿಯೇ ಕಾಣುತ್ತದೆ. ಹಾಗಾಗಿ ಒಂದೇ ಮೋಡ್ ಇರುವಾಗ ಗೋಡೆಗುಂಟ ಅಳೆದ ಈ ದೂರ 6.1ಕ್ಕಿಂತ ಕಡಿಮೆಯಾಗುವುದಿಲ್ಲ. ಸರಿಯಾದ ಉತ್ತರ ಬೇಕಿದ್ದರೆ ಎರಡೂ ದಿಕ್ಕಿನ ಅಂತರಗಳನ್ನು ಅಳೆದು ಮೇಲಿನ ಸೂತ್ರದಲ್ಲಿ ಹಾಕಬೇಕು.

ನಿಜವಾದ ಓವನಿನಲ್ಲಿ ಒಂದೇ ಮೋಡ್ ಇರುವುದೂ ಅಪರೂಪ. 2.4ರಿಂದ 2.5 ಗಿಗಾಹರ್ಟ್ಸ್ ನಡುವೆ ಈ ಪೆಟ್ಟಿಗೆಯ ಮೋಡ್‌ಗಳನ್ನು ಎಣಿಸಿದರೆ ಹನ್ನೆರಡು ಸಿಗುತ್ತವೆ, ಆದರೆ ಅವೆಲ್ಲ ಸೇರಿಕೊಂಡಿರುವುದು ನಾಲ್ಕೇ ಆವೃತ್ತಿಗಳಲ್ಲಿ: 2.424, 2.446, 2.483 ಮತ್ತು 2.497. ಅಗಲವೂ ಆಳವೂ ಒಂದೇ ಆಗಿರುವುದರಿಂದ (5,2,0) ಮತ್ತು (2,5,0) ಒಂದೇ ಆವೃತ್ತಿಯವು. ಮೂರು ಅಂಕೆಗಳಲ್ಲಿ ಯಾವುದೂ ಸೊನ್ನೆಯಲ್ಲದಿದ್ದರೆ, ಒಂದೇ ಅಂಕೆಗಳಿಗೆ ಕ್ಷೇತ್ರದ ಎರಡು ಬೇರೆ ವಿನ್ಯಾಸಗಳೂ ಸಾಧ್ಯ. ಅಗಲವನ್ನು ಒಂದೇ ಒಂದು ಸೆಂಟಿಮೀಟರ್ ಹೆಚ್ಚಿಸಿ 34 ಮಾಡಿದರೆ ಜೋಡಿ ಒಡೆಯುತ್ತದೆ, (5,2,0) 2.384ಕ್ಕೆ ಇಳಿಯುತ್ತದೆ, (2,5,0) 2.436ಕ್ಕೆ. ಮೊದಲನೆಯದು ಹೆಚ್ಚು ಜಾರಿದ್ದು ಅದರ ಐದು ಅರ್ಧ ಅಲೆಗಳು ಅಗಲದಲ್ಲೇ ಕೂತಿರುವುದರಿಂದ. ಪೆಟ್ಟಿಗೆಯ ಬದಿಗಳನ್ನು ಬೇರೆ ಬೇರೆ ಅಳತೆಯಲ್ಲಿ ಇಟ್ಟರೆ ಮೋಡ್‌ಗಳು ಹೀಗೆ ಹರಡಿಕೊಳ್ಳುತ್ತವೆ. ಬಿಸಿ ಸಮವಾಗಿ ಹಂಚಿಕೆಯಾಗಬೇಕೆಂದರೆ ಇದು ಉಪಯೋಗದ ಗುಣ.

ಒಂದು ಮೋಡ್ ಎಷ್ಟು ಚೂಪಾಗಿ ಅನುರಣಿಸುತ್ತದೆ ಎಂಬುದು ಶಕ್ತಿ ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದನ್ನು ಅವಲಂಬಿಸಿದೆ. ಇದರ ಅಳತೆಗೆ ಗುಣಾಂಕ Q ಎನ್ನುತ್ತಾರೆ. ಆವೃತ್ತಿಯನ್ನು Qಯಿಂದ ಭಾಗಿಸಿದರೆ ಅನುರಣನದ ಅಗಲ ಸಿಗುತ್ತದೆ. ಖಾಲಿ ಪೆಟ್ಟಿಗೆಯಲ್ಲಿ ಸೋರಿಕೆ ಗೋಡೆಯ ತೆಳುಪದರಕ್ಕೆ ಮಾತ್ರ. ಗೋಡೆ ತಾಮ್ರದ್ದಾದರೆ ಈ ಪದರದ ದಪ್ಪ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು. Q 5000 ಎಂದುಕೊಂಡರೆ ಅನುರಣನದ ಅಗಲ ಬರೀ ಅರ್ಧ ಮೆಗಾಹರ್ಟ್ಸ್. ಆಗ ಮ್ಯಾಗ್ನೆಟ್ರಾನಿನ ಆವೃತ್ತಿ ಮೋಡ್‌ಗಳ ನಡುವಿನ ಖಾಲಿ ಜಾಗದಲ್ಲಿ ಬೀಳುವ ಸಂಭವವೇ ಹೆಚ್ಚು. ಶಕ್ತಿ ಒಳಗೆ ಹೋಗದೆ ಮ್ಯಾಗ್ನೆಟ್ರಾನಿಗೇ ಮರಳಿ ಅದನ್ನು ಕಾಯಿಸುತ್ತದೆ. ಓವನನ್ನು ಖಾಲಿ ಓಡಿಸಬಾರದೆನ್ನುವುದು ಇದಕ್ಕೇ. ಒಳಗೆ ಅನ್ನವನ್ನೋ ಸಾರನ್ನೋ ಇಟ್ಟಾಗ ಶಕ್ತಿ ಬೇಗ ಹೀರಲ್ಪಡುತ್ತದೆ. Q 100ಕ್ಕೆ ಇಳಿದರೆ ಅನುರಣನದ ಅಗಲ 24 ಮೆಗಾಹರ್ಟ್ಸ್ ಆಗುತ್ತದೆ, ಅಂದರೆ ಎರಡು ನೆರೆಯ ಆವೃತ್ತಿಗಳ ನಡುವಿನ ಅಂತರದಷ್ಟು. ಅಕ್ಕಪಕ್ಕದ ಮೋಡ್‌ಗಳು ಒಂದರ ಮೇಲೊಂದು ಹಾಯುತ್ತವೆ, ಹಲವು ವಿನ್ಯಾಸಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಅವುಗಳಲ್ಲಿ ಯಾವುದು ಎಷ್ಟು ಎದ್ದೀತು ಎಂಬುದನ್ನು ಅಲೆ ಒಳಬರುವ ಕಿಂಡಿಯ ಜಾಗವೂ ನಿರ್ಧರಿಸುತ್ತದೆ. ಕಿಂಡಿಯ ಬಳಿಯ ಕ್ಷೇತ್ರದೊಂದಿಗೆ ಹೊಂದದ ಮೋಡ್, ಆವೃತ್ತಿ ಸರಿಯಿದ್ದರೂ ಏಳುವುದಿಲ್ಲ.

ವಿನ್ಯಾಸವನ್ನು ಕಣ್ಣಾರೆ ಕಾಣಲು ಹಪ್ಪಳ ಸಾಕು. ತಿರುಗುತಟ್ಟೆಯನ್ನು ತೆಗೆದು, ತಿರುಗುವ ಗುಬ್ಬಿಗೆ ತಾಗದಂತೆ ಅಲುಗದ ಗಾಜಿನ ತಟ್ಟೆಯಿಟ್ಟು, ಅದರ ಮೇಲೆ ಹಸಿ ಹಪ್ಪಳಗಳನ್ನು ಜೋಡಿಸಿ ಸ್ವಲ್ಪವೇ ಹೊತ್ತು ಓಡಿಸಬೇಕು. ಹೆಚ್ಚು ಹೊತ್ತು ಬೇಡ, ಹಪ್ಪಳ ಹೀರುವ ಶಕ್ತಿ ಕಡಿಮೆ. ಕ್ಷೇತ್ರ ಬಲವಾಗಿರುವ ಕಡೆ ಅರಳಿ ಬಿಳಿಚಿಕೊಳ್ಳುತ್ತದೆ, ನಿಸ್ಪಂದಗಳಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಹತ್ತು ಮನೆಗಳ ಅಚ್ಚುಕಟ್ಟಾದ ಚಿತ್ರ ಮೂಡದು. ಹಲವು ಮೋಡ್‌ಗಳ ಬೆರಕೆಯಾದ್ದರಿಂದ ವಕ್ರವಾದ ತೇಪೆಗಳು ಕಾಣುತ್ತವೆ. ಮೇಲಿನಿಂದ ಲೋಹದ ರೆಕ್ಕೆ ತಿರುಗಿಸಿ ಅಲೆಯನ್ನು ಕಲಕುವ ಓವನುಗಳಲ್ಲಿ ತೇಪೆಗಳೂ ಮಸುಕಾಗುತ್ತವೆ. ತಿರುಗುತಟ್ಟೆ ಮಾಡುವುದು ಬೇರೆ ಕೆಲಸ. ವಿನ್ಯಾಸವನ್ನು ಹಾಗೇ ಬಿಟ್ಟು ಆಹಾರವನ್ನು ಅದರೊಳಗೆ ಸುತ್ತಿಸುತ್ತದೆ. ಇದರ ದೌರ್ಬಲ್ಯ ತಟ್ಟೆಯ ನಡುಬಿಂದು, ಅದು ಎಲ್ಲಿಗೂ ಹೋಗುವುದಿಲ್ಲ. (5,2,0) ಮೋಡ್‌ನಲ್ಲಿ ಪೆಟ್ಟಿಗೆಯ ನಡುಬಿಂದು ಎರಡು ಸಾಲು ಮನೆಗಳ ನಡುವಿನ ಗೆರೆಯ ಮೇಲೆಯೇ ಇದೆ. ಆದ್ದರಿಂದ ಸಣ್ಣ ಬಟ್ಟಲನ್ನು ತಟ್ಟೆಯ ಅಂಚಿಗೆ ಸರಿಸಿ ಇಡುವುದು ಮೇಲು.

ಸೂತ್ರಕ್ಕೆ ಒಂದು ಎಲ್ಲೆಯಿದೆ. ಅದು ಖಾಲಿ ಪೆಟ್ಟಿಗೆಯ ಲೆಕ್ಕ. ಒಳಗೆ ವಸ್ತುವನ್ನು ಇಟ್ಟೊಡನೆ ಅನುರಣನ ಆವೃತ್ತಿಗಳು ಕೆಳಗಿಳಿಯುತ್ತವೆ. ಹಪ್ಪಳದಂಥ ತೆಳು ವಸ್ತುವಿಗೆ ಇಳಿಕೆ ಅತ್ಯಲ್ಪ, ತುಂಬಿದ ಪಾತ್ರೆಗೆ ಬಹಳ. ನೀರಿನೊಳಗೆ 2.45 ಗಿಗಾಹರ್ಟ್ಸ್ ಅಲೆಯ ಉದ್ದ 12.2 ಸೆಂಟಿಮೀಟರಿನಿಂದ ಸುಮಾರು 1.4ಕ್ಕೆ ಕುಗ್ಗುತ್ತದೆ. ಬಟ್ಟಲಿನ ಸಾರಿನ ಮೇಲ್ಮೈಯೂ ಅಲೆಯನ್ನು ಒಳಗೂ ಹೊರಗೂ ಪ್ರತಿಫಲಿಸುವುದರಿಂದ, ಸಾರಿನೊಳಗಿನ ಬಿಸಿ ತಂಪುಗಳ ಹಂಚಿಕೆ ಓವನಿನ ಅಳತೆಗಿಂತ ಬಟ್ಟಲಿನ ಅಳತೆಯನ್ನು ಹೆಚ್ಚು ಅನುಸರಿಸುತ್ತದೆ. ಒಂದೇ ಓವನಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಸಾರು ಅಗಲವಾದ ಬಟ್ಟಲಲ್ಲಿ ಒಂದು ಬಗೆಯಾಗಿ, ಉದ್ದನೆಯ ಲೋಟದಲ್ಲಿ ಇನ್ನೊಂದು ಬಗೆಯಾಗಿ ಕಾಯುತ್ತದೆ.