ಕಡೆಯ ಎರಡು ದಿನದಿಂದ ಲೆಕ್ಕ

ಸಕಲೇಶಪುರದ ಕಡೆ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಬಾಗಿಲಲ್ಲಿರುತ್ತದೆ. ಇತಿಹಾಸವನ್ನು ಮತ್ತೆ ಓದಲು ನನಗೆ ಉಳಿದದ್ದು 30 ದಿನ. ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಕಡೆಯ 2 ದಿನದಲ್ಲಿ ಇಡೀ ಪುಸ್ತಕ ಒಮ್ಮೆ ಮುಗಿಯಬೇಕು. ಅದರ ಹಿಂದಿನ ಸುತ್ತಿಗೆ 4 ದಿನ, ಅದಕ್ಕೂ ಹಿಂದಿನದಕ್ಕೆ 8, ಮೊದಲನೆಯದಕ್ಕೆ 16. ನಾಲ್ಕೇ ಸುತ್ತು, ಐದನೆಯದಕ್ಕೆ ಇನ್ನೂ 32 ದಿನ ಎಲ್ಲಿಂದ ತರುವುದು?

ಒಂದನೇ ಪಾಠ 16 ದಿನ ಬಿಟ್ಟು, ಆಮೇಲೆ 8, ಆಮೇಲೆ 4 ದಿನಕ್ಕೆ ಮತ್ತೆ ಕೈಗೆ ಬರುತ್ತದೆ. ಮೊದಲೇ ಬೇಗ ಬೇಗ ತಿರುವಿದರೆ ಪುಟದ ಮುಖ ಪರಿಚಯವಾಗುತ್ತದೆ, ಅಷ್ಟೇ.

ಪ್ರತಿ ಪಾಠಕ್ಕೂ ಮೊದಲು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದು, ಬಿಟ್ಟುಹೋದದ್ದನ್ನು ಮಾತ್ರ ಓದುತ್ತೇನೆ. ಸಮಯ ಅರ್ಧಕ್ಕಿಳಿಯುವುದು ಹೀಗೆ. ಎರಡನೇ ಸುತ್ತಿನಲ್ಲೂ ಅರ್ಧಕ್ಕಿಂತ ಹೆಚ್ಚು ಬಿಟ್ಟುಹೋದರೆ 4ರ ಸುತ್ತನ್ನು ಕೈಬಿಟ್ಟು, ಆ ದಿನಗಳನ್ನು 8ಕ್ಕೆ ಸೇರಿಸುತ್ತೇನೆ. ಕಡೆಯ ಎರಡು ದಿನವನ್ನು ಮಾತ್ರ ಮುಟ್ಟುವುದಿಲ್ಲ.