ನೂರಕ್ಕೆ ತೊಂಬತ್ತೊಂದು ಬಂದರೂ ನಂಬಬಹುದೇ?

ಒಂದು ಕನ್ನಡ ಸಿನಿಮಾ ಟ್ರೇಲರಿನ ಕೆಳಗೆ 10,000 ಕಾಮೆಂಟುಗಳಿವೆ ಎಂದಿಟ್ಟುಕೊಳ್ಳೋಣ. ಅವುಗಳಲ್ಲಿ ಅವಮಾನಕರವಾದವು ಎಷ್ಟು ಎಂಬುದು ಒಬ್ಬ ಸಂಶೋಧಕಿಗೆ ತಿಳಿಯಬೇಕು. ಒಂದೊಂದನ್ನೂ ಓದಿ ‘ಹೌದು’, ‘ಇಲ್ಲ’ ಎಂದು ಗುರುತು ಹಾಕಲು ಜನರನ್ನು ಕೂರಿಸಿದರೆ ವಾರಗಳೇ ಬೇಕು, ಸಂಬಳವೂ ಬೇಕು. ಚಾಟ್‌ಬಾಟ್‌ಗೆ ಒಪ್ಪಿಸಿದರೆ ಸಂಜೆಯೊಳಗೆ ಮುಗಿಯುತ್ತದೆ.

ಈ ದಾರಿಯನ್ನು ಜನಪ್ರಿಯಗೊಳಿಸಿದವರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದ ಫ್ಯಾಬ್ರಿಜಿಯೊ ಗಿಲಾರ್ಡಿ ಮತ್ತು ಸಂಗಡಿಗರು ಮುಖ್ಯರು. ಆನ್‌ಲೈನಿನಲ್ಲಿ ಕೂಲಿಗೆ ಗುರುತು ಹಾಕುವವರಿಗಿಂತ ಚಾಟ್‌ಜಿಪಿಟಿ ಈ ಕೆಲಸವನ್ನು ಹೆಚ್ಚು ನಿಖರವಾಗಿ ಮಾಡುತ್ತದೆ, ಖರ್ಚೂ ಸುಮಾರು 30 ಪಟ್ಟು ಕಡಿಮೆ ಎಂದು ಅವರು 2023ರಲ್ಲಿ ವರದಿ ಮಾಡಿದರು. ಈ ಸುದ್ದಿ ಹರಡಿದಷ್ಟು ಅದರ ಹಿಂದಿನ ಎರಡು ಸಂಗತಿಗಳು ಹರಡಲಿಲ್ಲ. ಅವರು ಬಳಸಿದ್ದು ಇಂಗ್ಲಿಷ್ ಟ್ವೀಟು ಮತ್ತು ಸುದ್ದಿಗಳನ್ನು. ಯಾರದು ಸರಿ ಎಂದು ಅಳೆಯಲು ಇಟ್ಟುಕೊಂಡಿದ್ದು ತರಬೇತಿ ಪಡೆದ ಮನುಷ್ಯರು ಹಾಕಿದ್ದ ಗುರುತುಗಳನ್ನೇ. ಆ ಅಳತೆಗೋಲು ಇಲ್ಲದಿದ್ದರೆ ಯಂತ್ರ ಗೆದ್ದಿತೆಂದು ಹೇಳಲು ದಾರಿಯೇ ಇರುತ್ತಿರಲಿಲ್ಲ.

ನಮ್ಮ ಸಂಶೋಧಕಿಯೂ ಅದನ್ನೇ ಮಾಡಬೇಕು. 10,000ದಲ್ಲಿ 200 ಕಾಮೆಂಟುಗಳನ್ನು ಚೀಟಿ ಎತ್ತಿದಂತೆ ಆರಿಸಬೇಕು. ಮೊದಲ 200 ತೆಗೆದುಕೊಂಡರೆ ಬರೀ ಅಭಿಮಾನಿಗಳ ಜೈಕಾರವೇ ಸಿಕ್ಕೀತು. ಕನ್ನಡ ಚೆನ್ನಾಗಿ ಬಲ್ಲವರು ಯಂತ್ರದ ಉತ್ತರ ನೋಡದೆ ಅವಕ್ಕೆ ಗುರುತು ಹಾಕಬೇಕು. ಉತ್ತರ ಕಣ್ಣೆದುರಿಗಿದ್ದರೆ ‘ಇರಬಹುದು’ ಎಂದು ಒಪ್ಪಿಬಿಡುವುದು ಮನುಷ್ಯಸಹಜ.

ಹೋಲಿಸಿದಾಗ ಫಲಿತಾಂಶ ಹೀಗೆ ಬಂತೆನ್ನಿ. ಮನುಷ್ಯರು 20ನ್ನು ಅವಮಾನಕರ ಎಂದರು. ಯಂತ್ರ ಅವುಗಳಲ್ಲಿ 12ನ್ನು ಹಿಡಿಯಿತು, 8 ಅದರ ಕಣ್ತಪ್ಪಿದವು. ಏನೂ ತಪ್ಪಿಲ್ಲದ 10 ಕಾಮೆಂಟುಗಳ ಮೇಲೆ ಸುಮ್ಮನೆ ಅವಮಾನದ ಮುದ್ರೆ ಒತ್ತಿತು. ಉಳಿದ 170ರಲ್ಲಿ ಇಬ್ಬರದೂ ಒಂದೇ ಮಾತು. ಒಟ್ಟು 182 ಕಡೆ ಹೊಂದಾಣಿಕೆ, ಅಂದರೆ ಶೇಕಡ 91.

ಸಿಹಿ ಹಂಚುವ ಮೊದಲು ಇನ್ನೊಂದು ಲೆಕ್ಕವಿದೆ. ಒಂದನ್ನೂ ಓದದೆ ಎಲ್ಲಕ್ಕೂ ‘ಇಲ್ಲ’ ಎಂದು ಬರೆದ ಸೋಮಾರಿಗೂ ಇಲ್ಲಿ ಶೇಕಡ 90 ಸಿಗುತ್ತಿತ್ತು!

ಈ ಮೋಸವನ್ನು ಕಳೆಯಲೆಂದೇ ಜೇಕಬ್ ಕೋಹೆನ್ 1960ರಲ್ಲಿ ‘ಕಪ್ಪಾ’ ಎಂಬ ಅಳತೆಯನ್ನು ಮುಂದಿಟ್ಟರು. ಮನುಷ್ಯರು ನೂರಕ್ಕೆ 90 ಸಲ, ಯಂತ್ರ 89 ಸಲ ‘ಇಲ್ಲ’ ಎಂದಿದೆ. ಇಬ್ಬರೂ ಕಣ್ಣುಮುಚ್ಚಿ ಇದೇ ಪ್ರಮಾಣದಲ್ಲಿ ಗುರುತು ಹಾಕಿದ್ದರೂ ಶೇಕಡ 81.2ರಷ್ಟು ಕಡೆ ತಾನಾಗಿಯೇ ತಾಳೆಯಾಗುತ್ತಿತ್ತು. ಹಾಗಾಗಿ ನಿಜವಾಗಿ ಗಳಿಸಲು ಉಳಿದಿದ್ದು 18.8 ಅಂಕ, ಯಂತ್ರ ಗಳಿಸಿದ್ದು 9.8. ಭಾಗಿಸಿದರೆ ಕಪ್ಪಾ 0.52. ಪೂರ್ತಿ ಹೊಂದಿಕೆಯಾದರೆ 1, ಬರೀ ಆಕಸ್ಮಿಕವಾದರೆ 0. ಆ ಸೋಮಾರಿಗೆ ಸಿಗುವುದು ಸೊನ್ನೆಯೇ.

0.52 ಕಳಪೆಯೇ? ಅದನ್ನು ಹೇಳಲು ಇಬ್ಬರು ಮನುಷ್ಯರು ಬೇರೆಬೇರೆಯಾಗಿ ಗುರುತು ಹಾಕಿದಾಗ ಅವರವರಲ್ಲೇ ಎಷ್ಟು ಹೊಂದುತ್ತದೆ ಎಂದು ನೋಡಬೇಕು. ಅಲ್ಲಿಯೂ 0.55 ಬಂದರೆ ತಪ್ಪು ಯಂತ್ರದ್ದಲ್ಲ, ‘ಅವಮಾನ’ ಎಂದರೇನೆಂದು ವಿವರಿಸಿದ ಸೂಚನೆಯೇ ಸಡಿಲವಾಗಿದೆ. 0.85 ಬಂದರೆ ಯಂತ್ರ ಹಿಂದುಳಿದಿದೆ.

ಸಂಖ್ಯೆಗಿಂತ ರುಚಿಯಾದ ಭಾಗ ತಾಳೆಯಾಗದ ಆ 18 ಕಾಮೆಂಟುಗಳು. ಕೆಲವರು ಈ ಹಂತವನ್ನು ಹಾರಿಸಿಬಿಡುತ್ತಾರೆ, ಹಾರಿಸಬಾರದು. ‘ಲೋ ನನ್ ಮಗ್ನೆ, ಏನ್ ಆಕ್ಟಿಂಗೋ ನಿಂದು!’ ಎಂಬುದನ್ನು ಯಂತ್ರ ಬೈಗುಳವೆಂದು ಹಿಡಿದೀತು. ಅದು ಅಪ್ಪಟ ಮೆಚ್ಚುಗೆ. ‘ಪಾಪ, ಇವ್ರಿಗೊಂದು ಆಸ್ಕರ್ ಕೊಡ್ಸಿ’ ಎಂಬುದನ್ನು ಹೊಗಳಿಕೆ ಎಂದು ಬಿಟ್ಟೀತು. ಇದೇ ಮಾತು ಇಂಗ್ಲಿಷ್ ಅಕ್ಷರಗಳಲ್ಲಿ, ಒಬ್ಬೊಬ್ಬರ ಒಂದೊಂದು ಕಾಗುಣಿತದಲ್ಲಿ ಬಂದರಂತೂ ಎಡವುವ ಸಂಭವ ಇನ್ನೂ ಹೆಚ್ಚು. ತಪ್ಪುಗಳ ಜಾಡು ಸಿಕ್ಕರೆ ಸೂಚನೆಗೆ ಅಂಥ ಉದಾಹರಣೆಗಳನ್ನು ಸೇರಿಸಿ ತಿದ್ದಬಹುದು.

ತಿದ್ದಿದ ಮೇಲೆ ಅದೇ 200ರ ಮೇಲೆ ಮತ್ತೆ ಅಳೆದರೆ ಅಂಕ ಏರುವುದು ಬಹುತೇಕ ಖಚಿತ, ಏಕೆಂದರೆ ಸೂಚನೆಯನ್ನು ತಿದ್ದಿದ್ದೇ ಆ ತಪ್ಪುಗಳನ್ನು ನೋಡಿಕೊಂಡು. ಕೊನೆಯ ಅಳತೆಗೆ ಯಾರೂ ಮುಟ್ಟದ ಇನ್ನೊಂದು ಕಂತು ಬೇಕು. ಅದು ತೀರಾ ಚಿಕ್ಕದಾಗಬಾರದು. 20ರಲ್ಲಿ 12 ಹಿಡಿದಿದೆ ಎಂದರೆ ಶೇಕಡ 60 ಎಂದು ಕಂಡರೂ, ಮಾದರಿ ಅಷ್ಟು ಪುಟ್ಟದಾದ್ದರಿಂದ ನಿಜಸ್ಥಿತಿ ಸರಿಸುಮಾರು 36ರಿಂದ 81ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಚಾಟ್‌ಬಾಟ್‌ನ ಹೊಸ ಆವೃತ್ತಿ ಬಂದರೆ ಅಳತೆಯನ್ನೂ ಹೊಸದಾಗಿ ಮಾಡಬೇಕು.

ಇಷ್ಟಾದ ಮೇಲೂ ಯಂತ್ರದ ಎಣಿಕೆಯನ್ನು ಹಾಗೇ ಅಚ್ಚಿಗೆ ಕೊಡುವಂತಿಲ್ಲ. ಅದು 10,000ದಲ್ಲಿ 1,100ನ್ನು ಅವಮಾನಕರ ಎಂದಿದ್ದರೆ, ಮಾದರಿಯಲ್ಲಿ ಕಂಡ ತಪ್ಪಿನ ಪ್ರಮಾಣದಂತೆ ಅವುಗಳಲ್ಲಿ ಸುಮಾರು 600 ಮಾತ್ರ ನಿಜ. ‘ಇಲ್ಲ’ ಎಂದು ಬಿಟ್ಟ 8,900ರಲ್ಲಿ ಇನ್ನೂ ಸುಮಾರು 400 ಅಡಗಿವೆ. ಸಂಶೋಧಕಿ ತನ್ನ ವರದಿಯಲ್ಲಿ ಬರೆಯಬೇಕಾದ ಅಂದಾಜು 1,000, ಪಕ್ಕದಲ್ಲಿ ಅದು ಎಷ್ಟು ಹಿಂದುಮುಂದಾಗಬಹುದು ಎಂಬ ಅಂಕಿಯೂ ಇರಬೇಕು.